ಇಂಟರ್ನ್‌ಶಿಪ್ ವರದಿ: ಉದ್ದೇಶ ಯಾವುದು, ಕಲಿಕಾ ಫಲ ಯಾವುದು?

ಪ್ರಶ್ನೆ: ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಇಂಟರ್ನ್‌ಶಿಪ್ ಮುಗಿಸಿ ವರದಿ ಕೊಟ್ಟೆ. ‘ಉದ್ದೇಶ, ಕಲಿಕಾ ಫಲ ಎರಡೂ ಒಂದೇ ಥರ ಇವೆ, ಕೆಲಸಕ್ಕೆ ಪುರಾವೆಯೂ ಇಲ್ಲ’ ಅಂತ ಗೈಡ್ ವಾಪಸ್ ಕೊಟ್ಟರು. ಸರ್ಟಿಫಿಕೇಟ್, ಫೋಟೊ ಎಲ್ಲ ಹಾಕಿದ್ದೇನೆ. ಇನ್ನೇನು ಬೇಕು?

ಉತ್ತರ: ಸರ್ಟಿಫಿಕೇಟ್ ನೋಡಿದರೆ ನೀವು ಅಲ್ಲಿಗೆ ಹೋಗಿದ್ದಿರಿ ಅಂತ ಗೊತ್ತಾಗುತ್ತದೆ. ಏನು ಮಾಡಿದಿರಿ ಅಂತ ಗೊತ್ತಾಗುವುದಿಲ್ಲ. ಗೈಡ್ ಕೇಳುತ್ತಿರುವುದು ಅದನ್ನೇ.

‘ಲೆಕ್ಕಪತ್ರದ ಬಗ್ಗೆ ತಿಳಿಯುವುದು’ ಅಂತ ಉದ್ದೇಶ ಬರೆದು, ಕೊನೆಗೆ ‘ಲೆಕ್ಕಪತ್ರದ ಬಗ್ಗೆ ತಿಳಿದೆ’ ಅಂತ ಬರೆಯುವವರೇ ಜಾಸ್ತಿ. ಉದ್ದೇಶ ಅಂದರೆ ಶುರುವಿನಲ್ಲಿ ಮಾಡಬೇಕು ಅಂದುಕೊಂಡ ಕೆಲಸ. ಕಲಿಕಾ ಫಲ ಅಂದರೆ ಈಗ ಬೇರೆಯವರ ಸಹಾಯವಿಲ್ಲದೆ ನೀವು ಮಾಡಬಲ್ಲದ್ದು. ‘ತಿಳಿದೆ’ ಅನ್ನುವುದನ್ನು ಯಾರೂ ಪರೀಕ್ಷಿಸಲಾಗದು, ‘ತಯಾರಿಸಬಲ್ಲೆ’ ಅಂದರೆ ಪರೀಕ್ಷಿಸಬಹುದು.

ನೀವು ಬ್ಯಾಂಕ್ ಲೆಕ್ಕ ತಾಳೆ ನೋಡಿದ್ದೀರಿ ಅಂದುಕೊಳ್ಳಿ. ಆಗ ಉದ್ದೇಶ ಹೀಗಿರಲಿ: ‘ಕ್ಯಾಶ್ ಬುಕ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡಿ, ವ್ಯತ್ಯಾಸದ ಕಾರಣ ಗುರುತಿಸುವುದು.’ ಆಮೇಲೆ ಒಂದು ತಿಂಗಳ ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸಿ. ಕ್ಯಾಶ್ ಬುಕ್‌ನಲ್ಲಿ 84,000, ಬ್ಯಾಂಕಿನಲ್ಲಿ 91,500 ಇತ್ತು. 8,000ದ ಒಂದು ಚೆಕ್ ಕೊಟ್ಟಾಗಿತ್ತು, ಆದರೆ ಅದು ಇನ್ನೂ ಬ್ಯಾಂಕಿಗೆ ಬಂದಿರಲಿಲ್ಲ. ಬ್ಯಾಂಕ್ ಹಿಡಿದುಕೊಂಡ 500 ಶುಲ್ಕವನ್ನು ಪುಸ್ತಕದಲ್ಲಿ ಬರೆದಿರಲಿಲ್ಲ. ಸರಿಪಡಿಸಿದರೆ ಎರಡೂ ಕಡೆ 83,500. ಇದಾದ ಮೇಲೆ ‘ಇಂಥ ವ್ಯತ್ಯಾಸಗಳನ್ನು ಗುರುತಿಸಿ ತಾಳೆಪಟ್ಟಿ ತಯಾರಿಸಬಲ್ಲೆ’ ಅಂತ ಕಲಿಕಾ ಫಲ ಬರೆದರೆ ಅದಕ್ಕೆ ಬುಡ ಇರುತ್ತದೆ.

ಪುರಾವೆ ಇದರ ಪಕ್ಕದಲ್ಲೇ ಹುಟ್ಟುತ್ತದೆ. ನೀವು ಮಾಡಿದ ತಾಳೆಪಟ್ಟಿ, ಆ ದಿನದ ಡೈರಿ ಪುಟ, ನಿಮ್ಮ ಮೇಲ್ವಿಚಾರಕರು ತಿದ್ದಿದ ಪ್ರತಿ ಇದ್ದರೆ ಅದೂ. ತಿದ್ದಿದ ಪ್ರತಿಯನ್ನು ಮುಚ್ಚಿಡುವುದು ಬೇಡ. ಮೊದಲನೇ ಪ್ರತಿಗೂ ಕೊನೇ ಪ್ರತಿಗೂ ಇರುವ ಅಂತರದಲ್ಲೇ ಕಲಿತದ್ದು ಕಾಣುವುದು, ಅಲ್ವಾ? ಪ್ರತಿಯೊಂದಕ್ಕೂ ‘ಅನುಬಂಧ 1’, ‘ಅನುಬಂಧ 2’ ಅಂತ ನಂಬರ್ ಕೊಟ್ಟು, ಕೆಲಸದ ವಿವರ ಬರುವ ವಾಕ್ಯದಲ್ಲೇ ಆ ನಂಬರ್ ಹೇಳಿ. ಸುಮ್ನೆ ಕೊನೆಯಲ್ಲಿ ಪೇರಿಸಿಟ್ಟರೆ ಯಾರೂ ತಿರುವಿ ನೋಡುವುದಿಲ್ಲ. ತಂಡದ ಕೆಲಸವಾದರೆ ನಿಮ್ಮ ಪಾಲು ಎಷ್ಟು ಅಂತ ಸ್ಪಷ್ಟವಾಗಿ ಹೇಳಿ. ಮೌಖಿಕ ಪರೀಕ್ಷೆಯಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ.

ಕಂಪನಿಯ ಕಾಗದ ಹಾಕುವ ಮೊದಲು ಅವರ ಒಪ್ಪಿಗೆ ಪಡೆಯಿರಿ. ಖಾತೆ ನಂಬರ್, ಗ್ರಾಹಕರ ಹೆಸರು ಮರೆಮಾಡಿ. ಪಿಡಿಎಫ್‌ನಲ್ಲಿ ಬರೀ ಕಪ್ಪು ಪಟ್ಟಿ ಎಳೆದರೆ ಅಡಿಯ ಅಕ್ಷರ ಹಾಗೇ ಉಳಿದಿರಬಹುದು. ಆ ಜಾಗವನ್ನು ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ಬೇರೆ ಕಡೆ ಪೇಸ್ಟ್ ಮಾಡಿ ನೋಡಿ. ಒಪ್ಪಿಗೆ ಸಿಗದಿದ್ದರೆ ಅದೇ ನಮೂನೆಯಲ್ಲಿ ಕಾಲ್ಪನಿಕ ಅಂಕಿ ತುಂಬಿ, ‘ಅಂಕಿಗಳು ಕಾಲ್ಪನಿಕ’ ಅಂತ ಕೆಳಗೆ ಬರೆದು, ಕೆಲಸ ನೀವೇ ಮಾಡಿದ್ದು ಅಂತ ಮೇಲ್ವಿಚಾರಕರಿಂದ ಸಹಿ ಹಾಕಿಸಿ.