ಬಿಲ್ಲಿನ ಚಿತ್ರದಿಂದ ಓದಿದ ಅಂಕಿಗಳ ತಪಾಸಣೆ: ಹೊಸಬರಿಗೆ ಒಂದು ವಾರದ ತರಬೇತಿ

ಪ್ರಶ್ನೆ: ನಮ್ಮ ಲೆಕ್ಕಪತ್ರ ವಿಭಾಗಕ್ಕೆ ಹೊಸ ಸಿಬ್ಬಂದಿ ಸೇರಿದ್ದಾರೆ. ಬಿಲ್ಲುಗಳ ಚಿತ್ರದಿಂದ ಅಂಕಿಗಳನ್ನು ತಂತ್ರಾಂಶವೇ ಓದಿ ತೆರೆಯ ಮೇಲೆ ತುಂಬಿಸುತ್ತದೆ. ಅದು ಸರಿಯಿದೆಯೇ ಎಂದು ನೋಡುವುದಷ್ಟೇ ಇವರ ಕೆಲಸ. ಆದರೂ ತಪ್ಪುಗಳು ನುಸುಳುತ್ತಿವೆ. ಒಂದು ವಾರದಲ್ಲಿ ಇವರನ್ನು ಹೇಗೆ ತಯಾರು ಮಾಡಬಹುದು?

ಉತ್ತರ: ಮೊದಲ ದಿನ ತಂತ್ರಾಂಶ ಓದಿದ ಅಂಕಿಗಳನ್ನು ಅವರಿಗೆ ತೋರಿಸಲೇಬೇಡಿ. ಬಿಲ್ಲಿನ ಚಿತ್ರವನ್ನು ಮಾತ್ರ ಕೊಟ್ಟು, ಬಿಲ್ಲಿನ ಸಂಖ್ಯೆ, ದಿನಾಂಕ, ಪ್ರತಿ ಸಾಲಿನ ಪ್ರಮಾಣ, ದರ ಮತ್ತು ಮೊತ್ತ, ಕೊನೆಗೆ ತೆರಿಗೆ ಮತ್ತು ಒಟ್ಟು ಮೊತ್ತ, ಇಷ್ಟನ್ನೂ ತಾವೇ ಓದಿ ಖಾಲಿ ಹಾಳೆಯಲ್ಲಿ ಬರೆಯಲು ಹೇಳಿ. ಮೊದಲೇ ತುಂಬಿಟ್ಟ ಅಂಕಿ ಕಣ್ಣಿಗೆ ಬಿದ್ದ ಮೇಲೆ ಚಿತ್ರದಲ್ಲಿಯೂ ಅದೇ ಅಂಕಿ ಕಾಣತೊಡಗುತ್ತದೆ. ಮಸುಕಾದ 3ನ್ನು ತಂತ್ರಾಂಶ 8 ಎಂದು ಓದಿದ್ದರೆ, ನೋಡುವವರೂ ಅದನ್ನು 8 ಎಂದೇ ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ನಿಮ್ಮಲ್ಲಿ ತಪ್ಪು ನುಸುಳುತ್ತಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣವಿರಬೇಕು. ಆದ್ದರಿಂದ ಕಣ್ಣು ಮೊದಲು ಚಿತ್ರದ ಮೇಲೆ, ಆಮೇಲೆ ತೆರೆಯ ಅಂಕಿಯ ಮೇಲೆ ಹೋಗುವ ರೂಢಿಯೊಂದನ್ನು ಮೊದಲ ದಿನ ಕೂಡಿಸಿದರೂ ಸಾಕು.

ಎರಡನೆಯ ದಿನಕ್ಕೆ ನಿಮ್ಮ ಕಚೇರಿಯ ಹಳೆಯ ಬಿಲ್ಲುಗಳಿಂದಲೇ ತಪ್ಪಾಗಿ ಓದಲಾದ ಚಿತ್ರಗಳನ್ನು ಆರಿಸಿಡಿ. 3 ಮತ್ತು 8, 1 ಮತ್ತು 7, 5 ಮತ್ತು 6, 0 ಮತ್ತು 8, ಇವು ಪರಸ್ಪರ ಬದಲಾಗುವ ಸಾಮಾನ್ಯ ಜೋಡಿಗಳು. ಜೋಡಿಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಕಾರಣವನ್ನು ತೋರಿಸಿಕೊಡುವುದು ಮೇಲು. ಶಾಖದಿಂದ ಮುದ್ರಿಸುವ ಕಾಗದ ಮಾಸಿದಾಗ 8ರ ಎಡಬದಿ ಅಳಿದು 3 ಆಗುತ್ತದೆ. ಮಡಿಕೆಯ ಗೆರೆ 1ರ ತಲೆಯ ಮೇಲೆ ಹಾದರೆ ಅದು 7ರಂತೆ ಕಾಣುತ್ತದೆ. ಕೋಷ್ಟಕದ ನಿಂತ ಗೆರೆ ಮೊತ್ತಕ್ಕೆ ತಾಗಿಕೊಂಡಿದ್ದರೆ ಅಂಕಿಯ ಮುಂದೆ ಇಲ್ಲದ 1 ಸೇರಿಕೊಳ್ಳುತ್ತದೆ. ದಶಮಾಂಶ ಬಿಂದುವಂತೂ ತೀರ ಚಿಕ್ಕದಾದುದರಿಂದ ಸುಲಭವಾಗಿ ಮಾಯವಾಗಿ, 184.70 ಎಂಬುದು 18470 ಆಗಿಬಿಡುತ್ತದೆ. ಮುದ್ರೆ ಬಿದ್ದ ಜಾಗ, ಮಡಿಕೆ ಮತ್ತು ಕಾಗದದ ಅಂಚು, ಈ ಮೂರು ಕಡೆ ಚಿತ್ರವನ್ನು ದೊಡ್ಡದು ಮಾಡಿ ನೋಡುವುದು ಅಂದಿನಿಂದಲೇ ಅಭ್ಯಾಸವಾಗಲಿ.

ವಾರದ ಮುಖ್ಯ ಪಾಠವಿರುವುದು ಮೂರನೆಯ ದಿನದಲ್ಲಿ. ಅದಕ್ಕೆ ಇಡೀ ದಿನವನ್ನು ಕೊಡಿ, ಅಗತ್ಯವಿದ್ದರೆ ನಾಲ್ಕನೆಯ ದಿನದ ಬೆಳಗನ್ನೂ ಕೊಡಿ. ಬಿಲ್ಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಲೆಕ್ಕವನ್ನು ಒಳಗೇ ಇಟ್ಟುಕೊಂಡಿರುತ್ತದೆ: ಪ್ರಮಾಣವನ್ನು ದರದಿಂದ ಗುಣಿಸಿದರೆ ಸಾಲಿನ ಮೊತ್ತ ಬರಬೇಕು, ಸಾಲುಗಳನ್ನು ಕೂಡಿದರೆ ಉಪಮೊತ್ತ ಬರಬೇಕು, ಅದಕ್ಕೆ ತೆರಿಗೆ ಸೇರಿದರೆ ಒಟ್ಟು ಮೊತ್ತ ಬರಬೇಕು. ತಾಳೆಯಾಗದಿದ್ದರೆ ತಪ್ಪಿದೆ ಎಂಬುದು ಎಲ್ಲರಿಗೂ ತಿಳಿಯುತ್ತದೆ. ತಪ್ಪು ಎಲ್ಲಿದೆ ಎಂಬುದನ್ನು ವ್ಯತ್ಯಾಸದ ಅಂಕಿಯಿಂದ ಹಿಡಿಯುವುದೇ ಇಲ್ಲಿ ಕಲಿಯಬೇಕಾದದ್ದು.

ಮೂರು ಸಾಲಿನ ಒಂದು ಬಿಲ್ಲನ್ನು ತಂತ್ರಾಂಶ ಹೀಗೆ ಓದಿದೆ ಎಂದುಕೊಳ್ಳಿ:

```
12 × 48.50  = 582.00
 6 × 185.00 = 810.00
25 × 18.20  = 455.00
ಉಪಮೊತ್ತ      1847.00
ತೆರಿಗೆ 10%     184.70
ಒಟ್ಟು         2081.70
```

ಮೂರು ಸಾಲುಗಳ ಮೊತ್ತವನ್ನು ಕೂಡಿದರೆ 1847.00 ಸರಿಯಾಗಿ ಬರುತ್ತದೆ. ಆದ್ದರಿಂದ ಸಾಲುಗಳ ಮೊತ್ತವನ್ನು ಸದ್ಯಕ್ಕೆ ನಂಬಬಹುದು. ಎರಡನೆಯ ಸಾಲಿನಲ್ಲಿ ಮಾತ್ರ 6ನ್ನು 185ರಿಂದ ಗುಣಿಸಿದರೆ 1110 ಬರುತ್ತದೆ, ಅಂದರೆ 300 ಹೆಚ್ಚು. ಆ 300ನ್ನು ಪ್ರಮಾಣವಾದ 6ರಿಂದ ಭಾಗಿಸಿದರೆ 50 ಬರುತ್ತದೆ. ಹತ್ತರ ಸ್ಥಾನದಲ್ಲಿ 5ರ ವ್ಯತ್ಯಾಸವೆಂದರೆ 3 ಮತ್ತು 8ರ ಜೋಡಿಯ ಗುರುತು; ದರ 135.00 ಇದ್ದಿರಬೇಕು. ಪ್ರಮಾಣವೇ ತಪ್ಪಿರಬಹುದಲ್ಲವೇ ಎಂದು ಯಾರಾದರೂ ಕೇಳಲಿ, ಕೇಳಬೇಕು ಕೂಡ: 810ನ್ನು 185ರಿಂದ ಭಾಗಿಸಿದರೆ ಪೂರ್ಣ ಸಂಖ್ಯೆ ಬರುವುದಿಲ್ಲ, ಆದ್ದರಿಂದ ಆ ಸಂಶಯಕ್ಕೆ ಆಧಾರವಿಲ್ಲ. ಇನ್ನು ಉಪಮೊತ್ತ ಮತ್ತು ತೆರಿಗೆ ಸೇರಿದರೆ 2031.70, ತೆರೆಯಲ್ಲಿರುವುದು 2081.70, ಇಲ್ಲಿಯೂ 50ರ ವ್ಯತ್ಯಾಸ, ಅದೇ ಜೋಡಿ. ಇಷ್ಟಾದ ಮೇಲೂ ಅಂಕಿಯನ್ನು ತಿದ್ದುವಂತಿಲ್ಲ. ಲೆಕ್ಕ ಹೇಳುವುದು ಎಲ್ಲಿ ನೋಡಬೇಕೆಂಬುದನ್ನು ಮಾತ್ರ. ಚಿತ್ರದಲ್ಲಿ ಆ ಜಾಗವನ್ನು ದೊಡ್ಡದು ಮಾಡಿ 3 ಕಂಡ ಮೇಲೆಯೇ ತಿದ್ದಬೇಕು. ಬಿಲ್ಲು ಬರೆದವರೇ ತಪ್ಪು ಗುಣಿಸಿರಬಹುದು, ಅಂತಹ ಬಿಲ್ಲನ್ನು ಇದ್ದಂತೆಯೇ ದಾಖಲಿಸಿ ಮೇಲಿನವರ ಗಮನಕ್ಕೆ ತರಬೇಕು. ಲೆಕ್ಕ ಕೂಡಲಿ ಎಂದು ಅಂಕಿಯನ್ನು ಬದಲಿಸುವ ಹೊಸಬರು ತಪ್ಪನ್ನು ಗಮನಿಸದೆ ಬಿಟ್ಟವರಿಗಿಂತ ಹೆಚ್ಚು ತೊಂದರೆ ತರುತ್ತಾರೆ.

ವ್ಯತ್ಯಾಸವು ಯಾವುದೋ ಒಂದು ಸಾಲಿನ ಮೊತ್ತಕ್ಕೆ ಸಮನಾಗಿದ್ದರೆ, ಆ ಸಾಲು ಬಿಟ್ಟುಹೋಗಿದೆ ಅಥವಾ ಎರಡು ಬಾರಿ ಬಂದಿದೆ. ವ್ಯತ್ಯಾಸವು 9ರಿಂದ ನಿಶ್ಶೇಷವಾಗಿ ಭಾಗವಾದರೆ, ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿರುವ ಸಂಭವವಿದೆ: 74 ಬದಲು 47 ಬರೆದರೆ 27ರ ವ್ಯತ್ಯಾಸ. ಇದು ಹೆಚ್ಚಾಗಿ ಕೈಯಿಂದ ನಮೂದಿಸುವವರ ತಪ್ಪೇ ಹೊರತು ಚಿತ್ರ ಓದುವ ತಂತ್ರಾಂಶದ್ದಲ್ಲ, ಹಾಗಾಗಿ ತಿದ್ದುವಾಗಲೇ ಹೊಸ ತಪ್ಪು ಹುಟ್ಟಿರಬಹುದು ಎಂದು ಊಹಿಸಬೇಕು. ತೆರಿಗೆಯನ್ನು ಸಾಲುಸಾಲಾಗಿ ಲೆಕ್ಕಹಾಕಿ ದುಂಡು ಮಾಡಿದಾಗ ಸಾಲಿಗೆ 0.01 ಮೀರದಷ್ಟು ಅಂತರ ಬರುವುದು ಸಹಜ. ಅದಕ್ಕಿಂತ ಹೆಚ್ಚಿನ ಅಂತರವನ್ನು ಒಪ್ಪಿಕೊಂಡರೆ ಚಿಕ್ಕ ಬಿಲ್ಲುಗಳ ನಿಜವಾದ ತಪ್ಪುಗಳು ಅದರಡಿ ಅಡಗುತ್ತವೆ.

ಇಲ್ಲಿ ಒಂದನ್ನು ನೀವೇ ವಿಚಾರಿಸಿ ತಿಳಿದುಕೊಳ್ಳಬೇಕು. ನಿಮ್ಮ ತಂತ್ರಾಂಶ ಸಾಲಿನ ಮೊತ್ತವನ್ನು ಚಿತ್ರದಿಂದ ಓದುತ್ತದೆಯೋ, ಪ್ರಮಾಣ ಮತ್ತು ದರದಿಂದ ತಾನೇ ಗುಣಿಸಿ ತುಂಬುತ್ತದೆಯೋ? ಎರಡನೆಯದಾದರೆ ಸಾಲಿನ ಲೆಕ್ಕ ಯಾವಾಗಲೂ ತಾಳೆಯಾಗುತ್ತದೆ, ದರ ತಪ್ಪಿದ್ದರೂ ಆಗುತ್ತದೆ. ಆ ತಪಾಸಣೆಗೆ ಅರ್ಥವೇ ಇರುವುದಿಲ್ಲ. ಆಗ ಬಿಲ್ಲಿನ ಮೇಲೆ ಮುದ್ರಿತವಾಗಿರುವ ಮೊತ್ತಗಳನ್ನು ಚಿತ್ರದಿಂದಲೇ ಓದಿ ಹೋಲಿಸಬೇಕು.

ನಾಲ್ಕನೆಯ ದಿನದಲ್ಲಿ ಲೆಕ್ಕಕ್ಕೆ ಸಿಗದ ಅಂಕಿಗಳನ್ನು ಹೇಳಿಕೊಡಿ. ಬಿಲ್ಲಿನ ಸಂಖ್ಯೆ 10318 ಬದಲು 70318 ಆದರೆ ಯಾವ ಕೂಡುವಿಕೆಯೂ ಅದನ್ನು ಹಿಡಿಯುವುದಿಲ್ಲ. ದಿನಾಂಕ, ಖಾತೆಯ ಸಂಖ್ಯೆ ಮೊದಲಾದವು ಸಹ ಹೀಗೆಯೇ. ಇವುಗಳಿಗೆ ಇಬ್ಬರು ಒಬ್ಬರದನ್ನೊಬ್ಬರು ನೋಡದೆ ಚಿತ್ರದಿಂದ ನಮೂದಿಸಿ ಆಮೇಲೆ ಹೋಲಿಸುವುದೇ ಭರವಸೆಯ ದಾರಿ. ಎಲ್ಲ ಬಿಲ್ಲುಗಳಿಗೂ ಇದು ಸಾಧ್ಯವಾಗದಿದ್ದರೆ ದೊಡ್ಡ ಮೊತ್ತದವು ಮತ್ತು ಚಿತ್ರ ಮಸುಕಾಗಿರುವವುಗಳಿಗಾದರೂ ಮಾಡಿಸಿ. ತಂತ್ರಾಂಶ ತನ್ನ ಓದಿನ ಖಚಿತತೆಯನ್ನು ಶೇಕಡಾವಾರು ತೋರಿಸುತ್ತಿದ್ದರೆ, ಕಡಿಮೆ ಇರುವಲ್ಲಿ ಹೆಚ್ಚು ನೋಡಲು ಅದು ನೆರವಾಗುತ್ತದೆ. ಹೆಚ್ಚಿದೆ ಎಂಬ ಕಾರಣಕ್ಕೆ ನೋಡದೆ ಬಿಡಲು ಅದು ಪರವಾನಗಿಯಲ್ಲ.

ಐದನೆಯ ದಿನ ಪರೀಕ್ಷೆ ಇಡಿ. ಸರಿಯಾದ ಅಂಕಿ ನಿಮಗೆ ಖಚಿತವಾಗಿ ಗೊತ್ತಿರುವ 60 ಬಿಲ್ಲುಗಳನ್ನು ತೆಗೆದುಕೊಂಡು, ಅವುಗಳಲ್ಲಿ 12ರಲ್ಲಿ ನೀವೇ ತಪ್ಪುಗಳನ್ನು ಇಡಿ. ಕೆಲವು ಲೆಕ್ಕಕ್ಕೆ ಸಿಗುವಂಥವು, ಕೆಲವು ಬಿಲ್ಲಿನ ಸಂಖ್ಯೆಯಂತಹ ಸಿಗದವು ಇರಲಿ. ಸಿಬ್ಬಂದಿಗೆ ತಪ್ಪುಗಳ ಸಂಖ್ಯೆ ತಿಳಿಯಬಾರದು. ಕಾಣದೆ ಬಿಟ್ಟ ತಪ್ಪುಗಳನ್ನೂ ಸರಿಯಿದ್ದುದನ್ನು ತಿದ್ದಿ ಕೆಡಿಸಿದವುಗಳನ್ನೂ ಬೇರೆ ಬೇರೆ ಎಣಿಸಿ, ವೇಗವನ್ನು ಈ ಹಂತದಲ್ಲಿ ಅಳೆಯಬೇಡಿ. ಲೆಕ್ಕಕ್ಕೆ ಸಿಗುವ ತಪ್ಪನ್ನು ಬಿಟ್ಟವರು ಮೂರನೆಯ ದಿನದ ಪಾಠಕ್ಕೆ ಮರಳಲಿ, ಸಿಗದವನ್ನು ಬಿಟ್ಟವರು ಇನ್ನೂ ತೆರೆಯ ಅಂಕಿಯನ್ನೇ ಮೊದಲು ನೋಡುತ್ತಿದ್ದಾರೆಂದು ತಿಳಿದು ಅವರ ಪಕ್ಕದಲ್ಲಿ ಕುಳಿತು ಕೆಲಸ ಮಾಡಿಸಿ. ಸರಿಯಾದ ಅಂಕಿಯನ್ನು ಒಂದು ಕಡೆಯಾದರೂ ಕೆಡಿಸಿದವರ ಕೆಲಸ ಮುಂದಿನ ವಾರವಿಡೀ ಎರಡನೆಯವರ ಕಣ್ಣಿಗೆ ಬಿದ್ದೇ ಮುಂದೆ ಹೋಗಲಿ.