ನಡುವೆ ಆರು ಗಂಟೆ ಬಿಡುವಿರುವ ಎರಡು ಹೊತ್ತಿನ ಕೆಲಸಕ್ಕೆ ಪಗಾರದ ಲೆಕ್ಕ

“ನಮ್ಮದು ಆಳಂದ ತಾಲೂಕು, ಹನ್ನೊಂದು ಎಮ್ಮೆ ಇವೆ. ಆಳು ಬೆಳಗ್ಗೆ 4.30ಕ್ಕೆ ಬಂದು 9.15ಕ್ಕೆ ಹೋಗ್ತಾನೆ. ಮತ್ತೆ ಮಧ್ಯಾಹ್ನ 3.30ಕ್ಕೆ ಬಂದು ರಾತ್ರಿ 8ಕ್ಕೆ ಹೋಗ್ತಾನೆ. ನಡುವಿನ ಹೊತ್ತಿಗೆ ಪಗಾರ ಇಲ್ಲ ಅಂತ ಮೊದಲೇ ಮಾತಾಗಿದೆ. ಗಂಟೆಗೆ 70 ರೂಪಾಯಿ. ನನ್ನ ಲೆಕ್ಕದಲ್ಲಿ ದಿನಕ್ಕೆ 612.50 ಬರುತ್ತೆ, ಅವನು 647 ಚಿಲ್ಲರೆ ಅಂತಾನೆ. 26 ದಿನಕ್ಕೆ 900 ರೂಪಾಯಿ ಮೇಲೆ ಫರಕು. ಯಾರದು ಸರಿ?”

ಅಣ್ಣ, ಅವರದು ಸರಿ. ನಿಮ್ಮ 612.50 ಎಲ್ಲಿಂದ ಬಂತು ಅನ್ನೋದೂ ಗೊತ್ತಾಯಿತು. 612.50ನ್ನು 70ರಿಂದ ಭಾಗಿಸಿದರೆ 8.75 ಬರುತ್ತದೆ. ಬೆಳಗ್ಗೆ 4 ಗಂಟೆ 45 ನಿಮಿಷ, ಸಂಜೆ 4 ಗಂಟೆ 30 ನಿಮಿಷ. ಇದನ್ನು ಕ್ಯಾಲ್ಕುಲೇಟರಿನಲ್ಲಿ 4.45 ಮತ್ತು 4.30 ಅಂತ ಒತ್ತಿ ಕೂಡಿಸಿದ್ದೀರಿ, ಅಲ್ವಾ? ಕ್ಯಾಲ್ಕುಲೇಟರಿಗೆ ಗಂಟೆಗೆ ಅರವತ್ತು ನಿಮಿಷ ಅಂತ ಗೊತ್ತಿಲ್ಲ, ಅದು ನೂರು ಅಂತಲೇ ಹಿಡಿಯುತ್ತದೆ. 45 ನಿಮಿಷ ಮತ್ತು 30 ನಿಮಿಷ ಸೇರಿದರೆ 75 ನಿಮಿಷ, ಅಂದರೆ ಒಂದು ಗಂಟೆ ಹದಿನೈದು ನಿಮಿಷ. ಒಟ್ಟು 9 ಗಂಟೆ 15 ನಿಮಿಷ ಆಗಬೇಕು. ಅದನ್ನು 70ರಿಂದ ಗುಣಿಸುವಾಗಲೂ 9.15 ಅಂತ ಒತ್ತಬಾರದು, ಕಾಲು ಗಂಟೆ ಅಂದರೆ 9.25. ಆಗ 647.50 ಬರುತ್ತದೆ. ದಿನಕ್ಕೆ 35 ರೂಪಾಯಿ, 26 ದಿನಕ್ಕೆ 910. ನಿಮ್ಮ ಫರಕು ಇದೇ.

ನಾನು ಈಗ ಹುಮನಾಬಾದ್ ಹತ್ತಿರ ನಾಲ್ಕು ಎಮ್ಮೆ ಇಟ್ಟುಕೊಂಡಿದ್ದೇನೆ. ಅದಕ್ಕೂ ಮೊದಲು ಕಲಬುರಗಿಯ ಒಂದು ಖಾನಾವಳಿಯಲ್ಲಿ ಆರು ವರ್ಷ ಹಾಜರಿ ಪುಸ್ತಕ ಬರೆದೆ. ಅಲ್ಲಿ ರೊಟ್ಟಿ ಬಡಿಯುವವರು ಎಲ್ಲರೂ ಎರಡು ಹೊತ್ತಿನವರೇ, ಹಾಗಾಗಿ ಈ ತಪ್ಪನ್ನು ತುಂಬಾ ಸಲ ನೋಡಿದ್ದೇನೆ. ಅಲ್ಲಿ ಕಲಿತದ್ದು ಒಂದೇ ಮಾತು. ಗಂಟೆಯಲ್ಲಿ ಬರೆಯಬೇಡಿ, ನಿಮಿಷದಲ್ಲಿ ಬರೆಯಿರಿ. ಬೆಳಗಿನದು 285 ನಿಮಿಷ, ಸಂಜೆಯದು 270, ಕೂಡಿಸಿದರೆ 555. ತಿಂಗಳ ಕೊನೆಗೆ ಎಲ್ಲಾ ನಿಮಿಷ ಕೂಡಿಸಿ, 70ರಿಂದ ಗುಣಿಸಿ, ಒಂದೇ ಸಲ 60ರಿಂದ ಭಾಗಿಸಿ. ನಡುವೆ ಎಲ್ಲೂ ಚುಕ್ಕೆ ಬರುವುದಿಲ್ಲ, ತಪ್ಪಾಗುವ ಜಾಗವೇ ಕಮ್ಮಿ.

ನಡುವಿನ ಬಿಡುವನ್ನು ಕಳೆಯಲು ಹೋಗಬೇಡಿ. ಎರಡು ಹೊತ್ತನ್ನು ಬೇರೆ ಬೇರೆ ಎಣಿಸಿ ಕೂಡಿಸಿದರೆ ಸಾಕು, ಬಿಡುವು ಲೆಕ್ಕದಲ್ಲಿ ಬರುವುದೇ ಇಲ್ಲ. ಏಪ್ರಿಲ್‌ನಲ್ಲಿ ನಮ್ಮ ಕಡೆ ತಗಡಿನ ಶೆಡ್‌ನಲ್ಲಿ ಮೂರೂವರೆಗೆ ನಿಲ್ಲೋಕಾಗಲ್ಲ, ನಾನು ಸಂಜೆ ಕೆಲಸವನ್ನು 4:15ಕ್ಕೆ ತಳ್ಳುತ್ತೇನೆ, ಮುಗಿಯುವುದು 8:45. ಬಿಡುವು ಮುಕ್ಕಾಲು ಗಂಟೆ ಜಾಸ್ತಿ ಆಯಿತು, ಆದರೆ 270 ನಿಮಿಷ ಹಾಗೇ ಉಳಿಯಿತು. ಬೆಳಗ್ಗೆ ಬಂದದ್ದು, ರಾತ್ರಿ ಹೋದದ್ದು ಮಾತ್ರ ಹಿಡಿದು “ಬಿಡುವು ಆರೂಕಾಲು ಗಂಟೆ” ಅಂತ ಕಳೆಯುವವರು ಬೇಸಿಗೆಯಲ್ಲಿ ತಪ್ಪುತ್ತಾರೆ. ಬಿಡುವು ಬದಲಾದದ್ದು ಪುಸ್ತಕದಲ್ಲಿ ಇರುವುದಿಲ್ಲ, ಹಳೆಯ ಅಂಕಿಯನ್ನೇ ಕಳೆಯುತ್ತಾರೆ.

ಮೊಬೈಲಿನಲ್ಲಿ ಶೀಟ್ ಮಾಡುವವರಿಗೆ: A ಕಾಲಮ್‌ನಲ್ಲಿ ತಾರೀಖು, B ಬೆಳಗ್ಗೆ ಬಂದದ್ದು, C ಹೋದದ್ದು, D ಸಂಜೆ ಬಂದದ್ದು, E ಹೋದದ್ದು. F2 ನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=IF(COUNT(B2:E2)=4,(C2-B2+E2-D2)*1440,"")
```

ಸಂಜೆಯ ಹೊತ್ತನ್ನು 15:30, 20:00 ಅಂತ ಬರೆಯಿರಿ. ಎಲ್ಲೂ ಚುಕ್ಕೆ ಬೇಡ, ಎರಡು ಚುಕ್ಕಿಯ ಗುರುತೇ ಇರಲಿ. ನಿಮ್ಮ ದಿನಕ್ಕೆ 555 ಬರಬೇಕು. ಚುಕ್ಕೆ ಹಾಕಿ 4.30, 9.15, 3.30, 8.00 ಅಂತ ಬರೆದರೆ 13752 ಅಂತ ಬರುತ್ತದೆ. ಅಷ್ಟು ದೊಡ್ಡ ಅಂಕಿ ಕಂಡರೆ ಚುಕ್ಕೆಯೇ ಕಾರಣ ಅಂತ ತಿಳಿಯಿರಿ. 0:00 ಅಂತ ತೋರಿಸಿದರೆ F ಕಾಲಮನ್ನು ನಂಬರ್ ಅಂತ ಬದಲಿಸಿ. ಒಂದೇ ಹೊತ್ತು ಬಂದ ದಿನ F ಖಾಲಿ ಉಳಿಯುತ್ತದೆ, ಬೇಕೆಂದೇ ಹಾಗಿಟ್ಟಿದ್ದೇನೆ. ಆ ದಿನ ನೀವೇ ನೋಡಿ ಆ ಹೊತ್ತಿನ ನಿಮಿಷವನ್ನು ಪಕ್ಕದ G ನಲ್ಲಿ ಬರೆಯಬೇಕು. G ಇನ್ನೊಂದಕ್ಕೂ ಬೇಕು, ಅದೇ ಮುಂದೆ ಹೇಳುತ್ತೇನೆ. ತಿಂಗಳ ಪಗಾರ:

```
=SUM(F2:G32)*70/60
```

ಈಗ G ಯಾಕೆ ಅಂತ. ಬಿಡುವಿಗೆ ಪಗಾರ ಇಲ್ಲ ಅಂತ ಮಾತಾಗಿದ್ದರೆ ಬಿಡುವು ನಿಜವಾಗಿ ಬಿಡುವೇ ಆಗಿರಬೇಕು. ಅವರು ಮನೆಗೆ ಹೋಗಬಹುದು, ಮಲಗಬಹುದು, ಫೋನ್ ತೆಗೆಯದಿದ್ದರೂ ನೀವು ಕೇಳುವಂತಿಲ್ಲ. ಹಾಗಿದ್ದರೆ ಮಾತ್ರ ಅದು ಸೊನ್ನೆ. ನಡುವೆ ಕರೆದರೆ ಅದು ಮೂರನೇ ಹೊತ್ತು. ನನ್ನ ಪುಸ್ತಕದಲ್ಲೇ ಇದೆ ನೋಡಿ. ಹೋದ ತಿಂಗಳು ಎಮ್ಮೆ ಈಯುವಾಗ ತೊಂದರೆ ಆಯಿತು, ಪಶು ಡಾಕ್ಟರು ಮಧ್ಯಾಹ್ನ ಬಂದರು, ಹಿಡಿಯಲು ನಮ್ಮ ಕೆಲಸದವರನ್ನು ಕರೆದೆ. 12:10ಕ್ಕೆ ಬಂದು 1:40ಕ್ಕೆ ಹೋದರು. 90 ಅಂತ ಬರೆದೆ. ಇನ್ನೊಂದು ದಿನ ಹಾಲಿನ ಗಾಡಿ ತಡವಾಗಿ ಕ್ಯಾನ್ ಇಟ್ಟುಕೊಂಡು ಕೂತರು, 35 ನಿಮಿಷ. ಸುಮ್ನೆ ಕೂತಿದ್ದರಲ್ಲ ಅಂತ ಬಿಡಬಾರದು. ಹಾಲು ಬಿಟ್ಟು ಹೋಗುವಂತಿರಲಿಲ್ಲ, ನಾವೇ ಕೂರಿಸಿದ್ದು.

ನಿಮ್ಮ ತಿಂಗಳಲ್ಲೂ ಹೀಗೆ ಆ ಎರಡು ದಿನ ಇದ್ದಿದ್ದರೆ ಲೆಕ್ಕ ಹೀಗಾಗುತ್ತಿತ್ತು: 555 ಗುಣಿಸು 26, ಅಂದರೆ 14,430. ಅದಕ್ಕೆ 90 ಮತ್ತು 35 ಸೇರಿಸಿ 14,555 ನಿಮಿಷ. 70ರಿಂದ ಗುಣಿಸಿ 60ರಿಂದ ಭಾಗಿಸಿದರೆ 16,980 ರೂಪಾಯಿ 83 ಪೈಸೆ. ಪೈಸೆಯನ್ನು ಕೊನೆಗೆ ಒಮ್ಮೆ ಮಾತ್ರ ಸರಿಮಾಡಿ, 16,981 ಕೊಡಿ.

ದಿನ ದಿನ ನಿಮಿಷವನ್ನು ದುಂಡು ಅಂಕಿಗೆ ಸರಿಮಾಡುವುದೇ ಎರಡು ಹೊತ್ತಿನ ಕೆಲಸದಲ್ಲಿ ದೊಡ್ಡ ಮೋಸ, ಅದೂ ಯಾರೂ ಬೇಕಂತ ಮಾಡುವುದಲ್ಲ. ಒಂದೇ ಹೊತ್ತು ಕೆಲಸ ಮಾಡುವವರು ದಿನಕ್ಕೆ ಎರಡು ಸಲ ಹೊತ್ತು ಬರೆಸುತ್ತಾರೆ, ಇವರು ನಾಲ್ಕು ಸಲ. ಪ್ರತಿ ಸಲ ಐದು ನಿಮಿಷ ನಿಮ್ಮ ಕಡೆ ಹಿಡಿದರೆ ದಿನಕ್ಕೆ 20 ನಿಮಿಷ, 26 ದಿನಕ್ಕೆ 520 ನಿಮಿಷ. ಹತ್ತಿರ ಹತ್ತಿರ ಒಂದು ದಿನದ ದುಡಿಮೆ ಹೋಯಿತು. ಹಾಗಾಗಿ ಬಂದ ನಿಮಿಷವನ್ನೇ ಬರೆಯಿರಿ, 4:27 ಅಂದರೆ 4:27.

ಖಾನಾವಳಿಯಲ್ಲಿ ನನ್ನ ಕೈಯಿಂದಲೇ ಒಂದು ತಪ್ಪು ನಡೆಯಿತು, ಇಂದಿಗೂ ಬೇಜಾರಾಗುತ್ತದೆ. ಹಾಜರಿಯ ಹೊಸ ಮಶೀನ್ ತಂದರು. ರೊಟ್ಟಿಯ ಅಕ್ಕ 10ರಿಂದ 3, ಮತ್ತೆ 7ರಿಂದ 10:30, ಒಟ್ಟು ಎಂಟೂವರೆ ಗಂಟೆ. ಮಶೀನು ಏಳೂವರೆ ತೋರಿಸುತ್ತಿತ್ತು. ಪ್ರತಿ ಪಾಳಿಗೆ ಊಟದ ಅರ್ಧ ಗಂಟೆ ತಾನೇ ಕಳೆಯುವಂತೆ ಅದರಲ್ಲಿ ಇಟ್ಟಿದ್ದರು. ಅವರು ಊಟ ಮಾಡುತ್ತಿದ್ದದ್ದು ಬಿಡುವಿನಲ್ಲಿ, ಮನೆಯಲ್ಲಿ! ನಾಲ್ಕು ತಿಂಗಳು ನಾನು ಅದನ್ನೇ ಪುಸ್ತಕಕ್ಕೆ ಇಳಿಸಿದ್ದೆ. ಕೊನೆಗೆ ಅಕ್ಕನೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ಎಣಿಸಿ ತೋರಿಸಿದರು. ನಿಮ್ಮಲ್ಲಿ ಆ್ಯಪ್ ಇದ್ದರೆ ಒಂದು ದಿನವನ್ನು ಕೈಯಿಂದ ಎಣಿಸಿ ತಾಳೆ ನೋಡಿ. ಎರಡಕ್ಕೂ ಸರಿಯಾಗಿ ಅರ್ಧ ಗಂಟೆ ಅಥವಾ ಒಂದು ಗಂಟೆ ಫರಕು ಬಂದರೆ ಇದೇ ಕಾರಣ ಇರಬಹುದು.

ಮೇಲೆ ಒಬ್ಬ ಕಾಕಾ ಬರೆದಿದ್ದಾರೆ, “12 ಗಂಟೆ ದಾಟಿದರೆ ನಡುವಿನ ಹೊತ್ತಿಗೂ ಪಗಾರ ಕೊಡಬೇಕು” ಅಂತ. ಕಾಕಾ, 12 ಗಂಟೆ ಅನ್ನೋದು ಇದೆ, ಆದರೆ ಅದು ಬಿಡುವಿನ ಪಗಾರದ ಮಾತಲ್ಲ. ಅಂಗಡಿ, ಹೋಟೆಲ್‌ಗಳಿಗೆ ಇರುವ 1961ರ ಕರ್ನಾಟಕ ಕಾಯ್ದೆಯಲ್ಲಿ ಮೊದಲು ಬಂದ ಹೊತ್ತಿನಿಂದ ಕೊನೆಗೆ ಹೋದ ಹೊತ್ತಿನ ತನಕ, ಬಿಡುವೂ ಸೇರಿ, 12 ಗಂಟೆ ಮೀರಬಾರದು ಅಂತಿದೆ. ದಿನದ ಕೆಲಸ ಎಷ್ಟು ಹೊತ್ತು ಚಾಚಬಹುದು ಅನ್ನೋದಕ್ಕೆ ಅದು ಮಿತಿ. ಕೆಲಸದ ಗಂಟೆಯ ಮಿತಿ ಮತ್ತು ಜಾಸ್ತಿ ಗಂಟೆಗೆ ಎರಡು ಪಟ್ಟು ಪಗಾರ ಅನ್ನೋದು ಬೇರೆ. ನಮ್ಮ ಖಾನಾವಳಿಯ 10ರಿಂದ 10:30 ಅಂದರೆ ಹನ್ನೆರಡೂವರೆ ಗಂಟೆ ಆಗುತ್ತಿತ್ತು, ಕೆಲಸ ಎಂಟೂವರೆಯೇ ಆದರೂ. ಬೆಳಗ್ಗೆ 10:30ಕ್ಕೆ ಬರಲು ಹೇಳಿದ ಮೇಲೆ ಸರಿಯಾಯಿತು. ಆ ಕಾಯ್ದೆ ಬರೆದದ್ದು ಅಂಗಡಿ ಹೋಟೆಲ್‌ಗೆ, ಎಮ್ಮೆಯ ಶೆಡ್‌ಗೆ ಅಲ್ಲ. ಆದರೂ ಅಣ್ಣ, ನಿಮ್ಮ ಆಳಿನ ದಿನ ಬೆಳಗಿನ ನಾಲ್ಕೂವರೆಯಿಂದ ರಾತ್ರಿ ಎಂಟರ ತನಕ, ಹದಿನೈದೂವರೆ ಗಂಟೆ ಚಾಚಿದೆ. ರಾತ್ರಿ ನಿದ್ದೆಗೆ ಏನು ಉಳಿಯಿತು? ಸಂಜೆ ಬೇಗ ಮುಗಿಸುವ ದಾರಿ ನೋಡಿ.

ಇನ್ನೊಬ್ಬರು ಹಾಲು ಹಿಂಡುವ ನಡುವಿನ ಅಂತರ ಸಮ ಇರಬೇಕು ಅಂತ ಉದ್ದಕ್ಕೆ ಬರೆದಿದ್ದಾರೆ. ಒಳ್ಳೆ ಮಾತು, ಆದರೆ ಇಲ್ಲಿ ಕೇಳಿದ್ದು ಪಗಾರ. ಬೀದರ್‌ನ ಅಕ್ಕ, ಡ್ರೈವರ್ ನಡುವೆ ಕಾಯುವ ಹೊತ್ತೂ ಬಿಡುವಾ ಅಂತ ನೀವು ಕೇಳಿದ ವಿಷಯ ಬೇರೆ. ಗಾಡಿಯ ಹತ್ತಿರವೇ ಕಾಯುತ್ತಾ ಕೂರಬೇಕು ಅಂದರೆ ನನ್ನ ಮಟ್ಟಿಗೆ ಅದು ಬಿಡುವಲ್ಲ.

ಒಂದು ಮಾತ್ರ ನನಗೂ ಬಗೆಹರಿದಿಲ್ಲ. ನಡುವೆ ಮನೆಗೆ ಹೋಗಿ ಬರುವ ದಾರಿ. ನಮ್ಮವರ ಮನೆ ಮೂರು ಕಿಲೋಮೀಟರ್, ಎರಡು ಹೊತ್ತು ಅಂದರೆ ದಿನಕ್ಕೆ ನಾಲ್ಕು ಸಲ ಓಡಾಟ. ನಾನು ಅದನ್ನು ನಿಮಿಷಕ್ಕೆ ಸೇರಿಸುವುದಿಲ್ಲ, ತಿಂಗಳಿಗೆ ಇಷ್ಟು ಅಂತ ಪೆಟ್ರೋಲಿಗೆ ಬೇರೆ ಕೊಡುತ್ತೇನೆ. ನನ್ನ ತಮ್ಮ ಅದು ಸಾಲದು, ಎರಡನೇ ಸಲ ಬರುವುದು ನಮ್ಮ ಕೆಲಸದ ಸಲುವಾಗಿಯೇ ಅಂತಾನೆ. ಅವನ ಮಾತಲ್ಲೂ ಹುರುಳಿದೆ. ನೀವು ಏನು ಮಾಡುತ್ತೀರಿ ಅಂತ ಬೇರೆಯವರೂ ಹೇಳಿ.

ಅಣ್ಣ, ಈ ತಿಂಗಳ 910 ಕೊಟ್ಟ ಮೇಲೆ ಹಳೆಯ ಪುಸ್ತಕಗಳನ್ನೂ ತೆಗೆಯಿರಿ. ಅದೇ ಕ್ಯಾಲ್ಕುಲೇಟರಿನಲ್ಲಿ ಕೂಡಿಸಿದ್ದರೆ ಆ ತಿಂಗಳುಗಳಲ್ಲೂ ಇದೇ ತಪ್ಪು ಇದ್ದೇ ಇರುತ್ತದೆ.