ಪೊಲೀಸರು ಊದಿಸಿಲ್ಲ ಅಂದರೆ ಕ್ಲೇಮ್ ಸಿಗುತ್ತದಾ?

ಪ್ರಶ್ನೆ: ಕಾಣಕೋಣದಿಂದ ಕಾರವಾರಕ್ಕೆ ಬರುವಾಗ ರಾತ್ರಿ ಅಣ್ಣನ ಕಾರು ಡಿವೈಡರ್‌ಗೆ ಹೊಡೆಯಿತು. ಎರಡು ಬಿಯರ್ ಕುಡಿದಿದ್ದ, ಸ್ಪೀಡೂ ಜಾಸ್ತಿ ಇತ್ತು. ಪೊಲೀಸರು ಊದಿಸಿಲ್ಲ, ಆಸ್ಪತ್ರೆಯಲ್ಲಿ ಹಣೆಗೆ ಹೊಲಿಗೆ ಹಾಕಿದ್ದಾರೆ. ಕ್ಲೇಮ್ ಸಿಗುತ್ತಾ?

ಕಷ್ಟ ಇದೆ. ಇಲ್ಲಿ ನಿಮ್ಮ ಅಣ್ಣನಿಗೆ ತೊಡಕಾಗುವುದು ಪೊಲೀಸರಿಗಿಂತ ಆ ಹೊಲಿಗೆ ಹಾಕಿದ ಆಸ್ಪತ್ರೆಯ ಕೇಸ್ ಶೀಟ್.

ನಾನು ಈ ಕಡೆ ವಾಹನಗಳ ಸರ್ವೆ ಮಾಡುವವನು. ಗಾಯ ಆಗಿದೆ ಅಂತ ಗೊತ್ತಾದರೆ ಇನ್ಶೂರೆನ್ಸ್ ಕಂಪನಿಯವರು ಮೊದಲು ತರಿಸುವುದೇ ಆ ಶೀಟನ್ನು. ಡ್ಯೂಟಿ ಡಾಕ್ಟರ್ 'ಬಾಯಲ್ಲಿ ಮದ್ಯದ ವಾಸನೆ' ಅಂತ ಒಂದು ಸಾಲು ಬರೆದಿದ್ದರೆ ಅದೇ ಅವರ ಕೈಗೆ ಸಿಕ್ಕ ಸಾಕ್ಷಿ.

100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಎಂಬ ಲೆಕ್ಕ ಪೊಲೀಸ್ ಕೇಸಿಗೆ. ಪಾಲಿಸಿಯಲ್ಲಿ ಆ ಅಂಕಿಯೇ ಇಲ್ಲ, 'ಅಮಲಿನ ಪ್ರಭಾವದಲ್ಲಿ' ಅಂತ ಮಾತ್ರ ಇರುತ್ತದೆ. ದಿಲ್ಲಿಯ ಇಂಡಿಯಾ ಗೇಟ್ ಹತ್ತಿರ 2007ರಲ್ಲಿ ಅಪಘಾತವಾದ ಒಂದು ಪೋರ್ಶೆ ಕಾರಿನ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಅದರಲ್ಲೂ ಮದ್ಯದ ಪ್ರಮಾಣ ಅಳೆದ ದಾಖಲೆ ಇರಲಿಲ್ಲ. ಆದರೂ 2021ರಲ್ಲಿ ಕೋರ್ಟ್ ಇನ್ಶೂರೆನ್ಸ್ ಕಂಪನಿಯ ಪರ ನಿಂತಿತು. ಡಾಕ್ಟರ್ ಬರೆದ ವಾಸನೆಯ ಜೊತೆಗೆ ಅಪಘಾತ ಆದ ರೀತಿಯನ್ನೂ ನೋಡಿತು.

ಸ್ಪೀಡಿನ ವಿಷಯ ಇಲ್ಲೇ ಬರುತ್ತದೆ. ಸುಮ್ನೆ ಸ್ಪೀಡಾಗಿ ಹೋದ ಅಂತ ಕ್ಲೇಮ್ ತಳ್ಳಿಹಾಕುವ ಷರತ್ತು ಸಾಮಾನ್ಯ ಪಾಲಿಸಿಯಲ್ಲಿಲ್ಲ. ರೇಸ್ ಓಡಿಸಿದರೆ ಬೇರೆ ಮಾತು. ಅಜಾಗರೂಕತೆಗೂ ಸೇರಿಯೇ ಅಲ್ವಾ ನಾವು ಇನ್ಶೂರೆನ್ಸ್ ಮಾಡಿಸುವುದು? ಆದರೆ ಒಣ ರಸ್ತೆ, ಎದುರಿಗೆ ಗಾಡಿಯಿಲ್ಲ, ಆದರೂ ಕಾರು ಸೀದಾ ಡಿವೈಡರ್‌ಗೆ ಹೋಗಿದೆ ಅಂದರೆ, ಆ ಸ್ಪೀಡೇ ಅಮಲಿಗೆ ಪುರಾವೆ ಆಗುತ್ತದೆ. ಸಾಬೀತು ಮಾಡುವ ಹೊಣೆ ಮಾತ್ರ ಕಂಪನಿಯದ್ದೇ. ನಮ್ಮ ಹೆದ್ದಾರಿಯಲ್ಲಿ ದನ ಅಡ್ಡ ಬರುವುದು ಹೊಸದಲ್ಲ. ನಿಜವಾಗಿಯೂ ದನ ಬಂದಿದ್ದರೆ, ಮಳೆಯಲ್ಲಿ ಜಾರಿದ್ದರೆ, ಕ್ಲೇಮ್ ಫಾರ್ಮ್‌ನಲ್ಲಿ ಮೊದಲ ದಿನವೇ ಬರೆಯಿರಿ. ಆಗಿಲ್ಲದಿದ್ದರೆ ಕಟ್ಟಬೇಡಿ. ಓಡಿಸಿದ್ದು ಬೇರೆಯವರು ಅಂತ ಹೆಸರು ಬದಲಿಸುವುದಂತೂ ಬೇಡ. ಗಾಯ ಯಾರಿಗೆ ಅಂತ ಆಸ್ಪತ್ರೆಯಲ್ಲಿದೆ, ಸುಳ್ಳು ಸಿಕ್ಕರೆ ಆ ಒಂದೇ ಕಾರಣಕ್ಕೆ ಕ್ಲೇಮ್ ಹೋಗುತ್ತದೆ.

ಹಾಗಾಗಿ ಮೊದಲು ಕೇಸ್ ಶೀಟಿನ ನಕಲು ತೆಗೆದುಕೊಂಡು ಓದಿ. ಅದರಲ್ಲಿ ವಾಸನೆಯ ಮಾತೇ ಇಲ್ಲ, ಬೇರೆ ಸಾಕ್ಷಿಯೂ ಇಲ್ಲ ಅಂದರೆ ಕಂಪನಿಯ ವಾದ ದುರ್ಬಲ. ಆಗಲೂ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಕಂಪನಿಗೆ ದೂರು ಕೊಡಿ. ಅಲ್ಲೂ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ.

ಬೇರೆ ಯಾರಿಗೂ ಪೆಟ್ಟಾಗಿಲ್ಲ ತಾನೆ? ಆಗಿದ್ದರೆ ಲೆಕ್ಕವೇ ಬೇರೆ. ಇಂಥ ಕೇಸುಗಳಲ್ಲಿ ಗಾಯಾಳುವಿಗೆ ಮೊದಲು ಕಂಪನಿಯೇ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟ್‌ಗಳು ಹೇಳಿದ್ದಿದೆ. ಆ ಮಾಲೀಕ ನಿಮ್ಮ ಅಣ್ಣ.